ನೂರು ರೂಪಾಯಿ ಸಾಲಕ್ಕೆ ಬ್ಯಾಂಕಿನ ಸ್ವಂತ ದುಡ್ಡೆಷ್ಟು?

2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕುಗಳು ಕೊಡುವ ವೈಯಕ್ತಿಕ ಸಾಲಗಳ ‘ರಿಸ್ಕ್ ವೇಟ್’ ಇನ್ನು ಮುಂದೆ ಶೇ 100 ಅಲ್ಲ, ಶೇ 125 ಎಂದಿತು. ಕ್ರೆಡಿಟ್ ಕಾರ್ಡ್ ಬಾಕಿಗೆ ಅದು ಶೇ 125ರಿಂದ ಶೇ 150ಕ್ಕೆ ಏರಿತು. ಮನೆ, ಶಿಕ್ಷಣ ಮತ್ತು ವಾಹನ ಸಾಲಗಳನ್ನೂ ಚಿನ್ನದ ಅಡವಿನ ಸಾಲವನ್ನೂ ಇದರಿಂದ ಹೊರಗಿಟ್ಟಿತ್ತು. ಹೊಸ ಸಾಲಗಳಿಗಷ್ಟೇ ಅಲ್ಲ, ಆಗಲೇ ಕೊಟ್ಟು ಬಾಕಿ ಉಳಿದಿದ್ದ ಸಾಲಗಳಿಗೂ ಈ ಮಾತು ಅನ್ವಯಿಸಿತು. ಮರುದಿನ ಷೇರುಪೇಟೆಯಲ್ಲಿ ಬ್ಯಾಂಕುಗಳ ಷೇರು ಇಳಿದವು. ಯಾವ ಸಾಲಗಾರನೂ ಆ ರಾತ್ರಿ ಕಂತು ತಪ್ಪಿಸಿರಲಿಲ್ಲ, ಯಾವ ಬ್ಯಾಂಕಿನ ತಿಜೋರಿಯಿಂದಲೂ ಒಂದು ರೂಪಾಯಿ ಹೊರಗೆ ಹೋಗಿರಲಿಲ್ಲ. ಆದರೂ ಬ್ಯಾಂಕುಗಳು ಹಿಂದಿನ ದಿನಕ್ಕಿಂತ ಬಲಹೀನವಾಗಿ ಕಂಡವು. ಒಂದು ಭಿನ್ನರಾಶಿಯ ಛೇದ ದೊಡ್ಡದಾಗಿತ್ತು, ಅಷ್ಟೇ.

ಆ ಭಿನ್ನರಾಶಿಯ ಹೆಸರು ಬಂಡವಾಳ ಪರ್ಯಾಪ್ತತಾ ಅನುಪಾತ. ಬ್ಯಾಂಕುಗಳ ಫಲಿತಾಂಶದ ಸುದ್ದಿಯಲ್ಲಿ ‘ಸಿಆರ್‌ಎಆರ್’ ಎಂದು ಕಾಣಿಸಿಕೊಳ್ಳುವುದು ಇದೇ. ಠೇವಣಿ ಇಟ್ಟವರು ಬಡ್ಡಿದರವನ್ನು ದಶಮಾಂಶದವರೆಗೆ ನೋಡುತ್ತಾರೆ, ಇದನ್ನು ಓದದೆ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಬಡ್ಡಿದರಕ್ಕಿಂತ ಮೊದಲು ನೋಡಬೇಕಾದ ಅಂಕಿ ಇದು.

ಬ್ಯಾಂಕು ಸಾಲ ಕೊಡುವುದು ಬಹುಪಾಲು ಬೇರೆಯವರ ದುಡ್ಡಿನಿಂದ. ನಾವು ಇಟ್ಟ ಠೇವಣಿ ಬ್ಯಾಂಕು ನಮಗೆ ತೀರಿಸಬೇಕಾದ ಸಾಲ. ಅದು ಇತರರಿಗೆ ಕೊಟ್ಟ ಸಾಲ ಅದರ ಆಸ್ತಿ. ಈ ಎರಡರ ನಡುವೆ ತೆಳ್ಳಗಿನ ಒಂದು ಪದರವಾಗಿ ಬ್ಯಾಂಕಿನ ಸ್ವಂತ ಬಂಡವಾಳವಿರುತ್ತದೆ. ಷೇರುದಾರರು ಹಾಕಿದ ಹಣ ಮತ್ತು ವರ್ಷ ವರ್ಷವೂ ಹಂಚದೆ ಉಳಿಸಿಕೊಂಡ ಲಾಭ ಅದರಲ್ಲಿರುತ್ತದೆ. ಕೊಟ್ಟ ಸಾಲ ಮುಳುಗಿದಾಗ ಆ ವರ್ಷದ ಲಾಭ ಮೊದಲು ಕರಗುತ್ತದೆ, ಅದು ಸಾಲದಿದ್ದರೆ ಈ ಬಂಡವಾಳ. ಅದೂ ಮುಗಿದರೆ ನಷ್ಟ ಠೇವಣಿದಾರರ ಬಾಗಿಲಿಗೆ ಬರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಸರಳ: ಬ್ಯಾಂಕು ಹೊತ್ತಿರುವ ಅಪಾಯಕ್ಕೆ ಈ ಪದರ ಸಾಕೇ?

‘ಒಟ್ಟು ಸಾಲಕ್ಕೆ ಎಷ್ಟು ಬಂಡವಾಳ’ ಎಂದಷ್ಟೇ ಲೆಕ್ಕ ಹಾಕಿದರೆ ಒಂದು ತೊಂದರೆಯಿದೆ. ಸರ್ಕಾರದ ಸಾಲಪತ್ರದಲ್ಲಿಟ್ಟ ನೂರು ರೂಪಾಯಿಯೂ ಒತ್ತೆಯಿಲ್ಲದೆ ಅಪರಿಚಿತನಿಗೆ ಕೊಟ್ಟ ನೂರು ರೂಪಾಯಿಯೂ ಆಗ ಒಂದೇ ಆಗುತ್ತವೆ. ಎರಡಕ್ಕೂ ಬೇಕಾಗುವ ಬಂಡವಾಳ ಒಂದೇ ಆದರೆ ಹೆಚ್ಚು ಬಡ್ಡಿ ತರುವ ಅಪಾಯದ ಸಾಲವನ್ನೇ ಕೊಡಲು ಬ್ಯಾಂಕಿಗೆ ಮನಸ್ಸಾಗುತ್ತದೆ. 1974ರಲ್ಲಿ ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕ್ ಕುಸಿದು ಅನೇಕ ದೇಶಗಳ ಬ್ಯಾಂಕುಗಳಿಗೆ ಪೆಟ್ಟು ಬಿದ್ದ ಮೇಲೆ, ಶ್ರೀಮಂತ ರಾಷ್ಟ್ರಗಳ ಕೇಂದ್ರ ಬ್ಯಾಂಕುಗಳು ಸೇರಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಒಂದು ಸಮಿತಿ ಮಾಡಿಕೊಂಡವು. ಆ ಸಮಿತಿ 1988ರಲ್ಲಿ ಒಂದು ಒಪ್ಪಂದ ತಂದಿತು. ಪ್ರತಿ ಬಗೆಯ ಆಸ್ತಿಗೂ ಅದರ ಅಪಾಯಕ್ಕೆ ತಕ್ಕ ತೂಕ ಕೊಡಬೇಕು, ತೂಕ ಹಾಕಿದ ಮೇಲೆ ಬರುವ ಮೊತ್ತದ ಶೇ 8ರಷ್ಟಾದರೂ ಬಂಡವಾಳ ಇರಬೇಕು ಎಂಬುದು ಅದರ ತಿರುಳು. ಭಾರತದಲ್ಲಿ ರಿಸರ್ವ್ ಬ್ಯಾಂಕ್ ಇದನ್ನು 1992ರಲ್ಲಿ ಜಾರಿಗೆ ತಂದಿತು. 2000ದ ಮಾರ್ಚ್ ಹೊತ್ತಿಗೆ ಶೇ 9 ಮುಟ್ಟಬೇಕೆಂದು ಹೇಳಿತು. ಈಗ ನಮ್ಮ ವಾಣಿಜ್ಯ ಬ್ಯಾಂಕುಗಳು ಆ ಶೇ 9ರ ಮೇಲೆ ಇನ್ನೂ ಶೇ 2.5ನ್ನು ಕಷ್ಟಕಾಲಕ್ಕೆಂದು ಇಟ್ಟುಕೊಳ್ಳಬೇಕು. ಒಟ್ಟು ಶೇ 11.5.

ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಬ್ಯಾಂಕನ್ನು ಕಲ್ಪಿಸಿಕೊಂಡೇ ನೋಡಬೇಕು. ಅಂಕಿಗಳು ನನ್ನವು, ತೂಕಗಳು ಮಾತ್ರ ರಿಸರ್ವ್ ಬ್ಯಾಂಕಿನವು.

ಈ ಬ್ಯಾಂಕಿನ ಒಟ್ಟು ಆಸ್ತಿ 1,000 ಕೋಟಿ ರೂಪಾಯಿ. ಅದರಲ್ಲಿ 50 ಕೋಟಿ ನಗದು ಮತ್ತು ರಿಸರ್ವ್ ಬ್ಯಾಂಕಿನಲ್ಲಿಟ್ಟ ಹಣ, 230 ಕೋಟಿ ಕೇಂದ್ರ ಸರ್ಕಾರದ ಸಾಲಪತ್ರಗಳು. ಇವೆರಡರ ತೂಕ ಸೊನ್ನೆ. ಅಂದರೆ 280 ಕೋಟಿ ಛೇದದೊಳಗೆ ಬರುವುದೇ ಇಲ್ಲ. ಇನ್ನು 20 ಕೋಟಿಯನ್ನು ಸುಸ್ಥಿತಿಯಲ್ಲಿರುವ ಬೇರೆ ಬ್ಯಾಂಕುಗಳಲ್ಲಿ ಇಟ್ಟಿದೆ. ಅದರ ತೂಕ ಶೇ 20, ಹಾಗಾಗಿ ಲೆಕ್ಕಕ್ಕೆ ಬರುವುದು 4 ಕೋಟಿ.

ಗೃಹಸಾಲ 200 ಕೋಟಿ. ಎಲ್ಲವೂ 30 ಲಕ್ಷದೊಳಗಿನ ಸಾಲಗಳು, ಮನೆಯ ಬೆಲೆಯ ಶೇ 80ನ್ನು ಯಾವುದೂ ಮೀರಿಲ್ಲ ಎಂದುಕೊಳ್ಳೋಣ. 35 ಲಕ್ಷದ ಮನೆಗೆ 28 ಲಕ್ಷ ಸಾಲ ಅಂದರೆ ಸರಿಯಾಗಿ ಆ ಗಡಿ. ಇವುಗಳ ತೂಕ ಶೇ 35, ಹಾಗಾಗಿ 70 ಕೋಟಿ. ಅದೇ ಮನೆಗೆ ಬೆಲೆಯ ಶೇ 90ರವರೆಗೆ ಸಾಲ ಕೊಟ್ಟರೆ ತೂಕ ಶೇ 50 ಆಗುತ್ತದೆ. ಸಾಲಗಾರ ಕೈಯಿಂದ ಹಾಕಿದ ಹಣ ಕಡಿಮೆಯಾದಷ್ಟೂ ಮನೆಯ ಬೆಲೆ ಇಳಿದಾಗ ನಷ್ಟ ಬೇಗ ಬ್ಯಾಂಕಿಗೆ ತಾಗುತ್ತದೆ ಎಂಬುದು ಇದರ ಹಿಂದಿನ ತರ್ಕ.

ಅಂಗಡಿಯವರು, ಸಣ್ಣ ಕಾರ್ಖಾನೆಯವರಿಗೆ ಕೊಟ್ಟದ್ದು 120 ಕೋಟಿ. ಒಬ್ಬರಿಗೆ ಏಳೂವರೆ ಕೋಟಿ ಮೀರದ, ವರ್ಷದ ವಹಿವಾಟು 50 ಕೋಟಿಯೊಳಗಿರುವ ಸಣ್ಣ ಉದ್ಯಮಗಳ ಸಾಲಕ್ಕೆ ತೂಕ ಶೇ 75. ಹತ್ತಾರು ಊರುಗಳಲ್ಲಿ ಹಂಚಿಹೋದ ನೂರಾರು ಸಣ್ಣ ಸಾಲಗಳು ಒಟ್ಟಿಗೇ ಮುಳುಗುವುದಿಲ್ಲ ಎಂಬ ಕಾರಣಕ್ಕೆ ಈ ರಿಯಾಯಿತಿ. ಇದು 90 ಕೋಟಿ. ರೇಟಿಂಗ್ ಪಡೆಯದ ಮಧ್ಯಮ ಗಾತ್ರದ ಕಂಪನಿಗಳಿಗೆ ಕೊಟ್ಟದ್ದು 220 ಕೋಟಿ, ತೂಕ ಶೇ 100. ಇದು 220 ಕೋಟಿಯಾಗಿಯೇ ಉಳಿಯುತ್ತದೆ. ಕೊನೆಯದಾಗಿ ವೈಯಕ್ತಿಕ ಸಾಲ 160 ಕೋಟಿ. ನವೆಂಬರ್ ಸುತ್ತೋಲೆಗೆ ಮುಂಚೆ ಇದರ ತೂಕ ಶೇ 100 ಇತ್ತು, ಆದ್ದರಿಂದ 160 ಕೋಟಿ.

ಎಲ್ಲ ಕೂಡಿದರೆ 544 ಕೋಟಿ. ಸಾಲ ಮುಳುಗುವುದೊಂದೇ ಅಪಾಯವಲ್ಲ. ನೌಕರರ ವಂಚನೆ, ಕಂಪ್ಯೂಟರ್ ವ್ಯವಸ್ಥೆಯ ಎಡವಟ್ಟುಗಳಿಂದಲೂ ಬ್ಯಾಂಕಿಗೆ ನಷ್ಟವಾಗುತ್ತದೆ. ಅದಕ್ಕೆ ಕಳೆದ ಮೂರು ವರ್ಷಗಳ ಸರಾಸರಿ ಒಟ್ಟು ಆದಾಯದ ಶೇ 15ನ್ನು ತೆಗೆದುಕೊಂಡು 12.5ರಿಂದ ಗುಣಿಸಿ ಛೇದಕ್ಕೆ ಸೇರಿಸುತ್ತಾರೆ. ನಮ್ಮ ಬ್ಯಾಂಕಿನ ಆ ಆದಾಯ 30 ಕೋಟಿಯ ಆಸುಪಾಸು ಎಂದರೆ ಇಲ್ಲಿ ಸುಮಾರು 56 ಕೋಟಿ ಬರುತ್ತದೆ. ಸಾಲಪತ್ರಗಳನ್ನು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವುದಾಗಿ ಬ್ಯಾಂಕು ಹೇಳಿರುವುದರಿಂದ ಮಾರುಕಟ್ಟೆಯ ಏರಿಳಿತಕ್ಕೆಂದು ಬೇರೆ ಮೊತ್ತ ಸೇರಿಸಬೇಕಿಲ್ಲ. ಹೀಗೆ 1,000 ಕೋಟಿ ಆಸ್ತಿಯ ಬ್ಯಾಂಕು ಅಪಾಯದ ತೂಕ ಹಾಕಿದಾಗ 600 ಕೋಟಿಯದಾಗುತ್ತದೆ.

ಇನ್ನು ಅಂಶ. ಷೇರು ಬಂಡವಾಳ ಮತ್ತು ಮೀಸಲು ಸೇರಿ 60 ಕೋಟಿ. ಇದು ಬ್ಯಾಂಕಿನ ಗಟ್ಟಿ ಬಂಡವಾಳ, ವರದಿಗಳಲ್ಲಿ ‘ಸಿಇಟಿ 1’ ಎಂದಿರುತ್ತದೆ. ಇದಲ್ಲದೆ ಠೇವಣಿದಾರರಿಗೆಲ್ಲ ಕೊಟ್ಟ ಮೇಲಷ್ಟೇ ತೀರಿಸಬೇಕಾದ ದೀರ್ಘಾವಧಿ ಬಾಂಡುಗಳು 8 ಕೋಟಿ, ಚೆನ್ನಾಗಿರುವ ಸಾಲಗಳ ಮೇಲೂ ಮುಂಜಾಗ್ರತೆಯಾಗಿ ತೆಗೆದಿಟ್ಟ ಮೊತ್ತ 4 ಕೋಟಿ. ಈ 12 ಕೋಟಿ ಎರಡನೇ ದರ್ಜೆಯ ಬಂಡವಾಳ. ಒಟ್ಟು 72 ಕೋಟಿ. 72ನ್ನು 600ರಿಂದ ಭಾಗಿಸಿದರೆ ಶೇ 12. ಬೇಕಾದ್ದು 11.5, ಇರುವುದು 12. ಬ್ಯಾಂಕು ನೆಮ್ಮದಿಯಾಗಿದೆ.

ಈಗ ನವೆಂಬರ್ 16ನ್ನು ಈ ಬ್ಯಾಂಕಿನ ಮೇಲೆ ಹಾಯಿಸಿ. ವೈಯಕ್ತಿಕ ಸಾಲದ 160 ಕೋಟಿ ಒಂದೇ ದಿನದಲ್ಲಿ 200 ಕೋಟಿಯಾಗಿ ತೂಗುತ್ತದೆ. ಛೇದ 640 ಕೋಟಿ. ಅಂಶ ಅದೇ 72. ಅನುಪಾತ ಶೇ 11.25ಕ್ಕೆ ಬರುತ್ತದೆ, ಗಡಿಗಿಂತ ಕೆಳಗೆ.

ಮೇಲೆ ಬರಲು ದಾರಿ ಎರಡೇ. ಒಂದು, ಅಂಶವನ್ನು ಹೆಚ್ಚಿಸುವುದು. ಹೊಸ ಷೇರು ಮಾರಿ ಅಥವಾ ಲಾಭಾಂಶ ತಡೆದು 1 ಕೋಟಿ 60 ಲಕ್ಷ ತಂದರೆ ಸಾಕು. ಇನ್ನೊಂದು, ಛೇದವನ್ನು ಕುಗ್ಗಿಸುವುದು. ಸುಮಾರು 14 ಕೋಟಿ ತೂಕ ಇಳಿಯಬೇಕು. ವೈಯಕ್ತಿಕ ಸಾಲಗಳ ಕಂತುಗಳು ವಾಪಸು ಬಂದಂತೆ ಅದರಲ್ಲಿ ಹದಿನೈದೂವರೆ ಕೋಟಿಯಷ್ಟನ್ನು ಮತ್ತೆ ವೈಯಕ್ತಿಕ ಸಾಲವಾಗಿ ಕೊಡದೆ ಗೃಹಸಾಲವಾಗಿ ಕೊಟ್ಟರೆ ಆ ಕೆಲಸ ಆಗುತ್ತದೆ. ಶೇ 125 ತೂಗುತ್ತಿದ್ದ ದುಡ್ಡು ಈಗ ಶೇ 35 ತೂಗುತ್ತದೆ. ಒಟ್ಟು ಸಾಲ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ, ಹೊಸ ಬಂಡವಾಳವೂ ಬಂದಿಲ್ಲ, ಅನುಪಾತ ಮಾತ್ರ ಸರಿಹೋಯಿತು.

ರಿಸರ್ವ್ ಬ್ಯಾಂಕಿಗೆ ಬೇಕಿದ್ದದ್ದು ಇದೇ. ಒತ್ತೆಯಿಲ್ಲದ ಸಾಲಗಳು ವಿಪರೀತ ವೇಗದಲ್ಲಿ ಬೆಳೆಯುತ್ತಿದ್ದವು. ‘ಕೊಡಬೇಡಿ’ ಎಂದು ಅದು ಹೇಳಲಿಲ್ಲ, ಕೊಡುವುದನ್ನು ದುಬಾರಿ ಮಾಡಿತು. ಶೇ 11.5ರ ಲೆಕ್ಕದಲ್ಲಿ ನೂರು ರೂಪಾಯಿ ಗೃಹಸಾಲಕ್ಕೆ ಬ್ಯಾಂಕು ಸ್ವಂತ ಬಂಡವಾಳದಿಂದ ಕಟ್ಟಿಡಬೇಕಾದ್ದು ಸುಮಾರು 4 ರೂಪಾಯಿ. ಸಣ್ಣ ಉದ್ಯಮಿಯ ಸಾಲಕ್ಕೆ 8 ರೂಪಾಯಿ 60 ಪೈಸೆ, ರೇಟಿಂಗ್ ಇಲ್ಲದ ಕಂಪನಿಗೆ ಹನ್ನೊಂದೂವರೆ, ವೈಯಕ್ತಿಕ ಸಾಲಕ್ಕೆ 14 ರೂಪಾಯಿಗಿಂತ ಸ್ವಲ್ಪ ಹೆಚ್ಚು. ಬ್ಯಾಂಕಿಗೆ ಎಲ್ಲಕ್ಕಿಂತ ದುಬಾರಿಯಾದ ದುಡ್ಡು ಷೇರುದಾರರದು, ಏಕೆಂದರೆ ಅವರು ಠೇವಣಿದಾರರಿಗಿಂತ ಹೆಚ್ಚು ಪ್ರತಿಫಲ ಬಯಸುತ್ತಾರೆ. ಹಾಗಾಗಿ ಗೃಹಸಾಲಕ್ಕೆ ಬ್ಯಾಂಕುಗಳು ತಾವಾಗಿ ಫೋನು ಮಾಡುವುದೂ, ವೈಯಕ್ತಿಕ ಸಾಲಕ್ಕೆ ಹೆಚ್ಚು ಬಡ್ಡಿ ಕೇಳುವುದೂ ಮುಳುಗುವ ಭಯದಿಂದಷ್ಟೇ ಅಲ್ಲ, ಈ ಕೋಷ್ಟಕದಿಂದಲೂ ಹೌದು. ಯಾರಿಗೆ ಸಾಲ ಸುಲಭವಾಗಿ ಸಿಗುತ್ತದೆ ಎಂಬುದನ್ನು ಈ ತೂಕಗಳು ಸದ್ದಿಲ್ಲದೆ ನಿರ್ಧರಿಸುತ್ತವೆ. ಸಣ್ಣ ಉದ್ಯಮಿಗೆ ಶೇ 75, ಅತ್ಯುತ್ತಮ ರೇಟಿಂಗ್ ಪಡೆದ ದೊಡ್ಡ ಕಂಪನಿಗೆ ಶೇ 20 ಎಂಬ ಅಂತರ ನನಗೆ ಅತಿಯಾಯಿತು ಎನಿಸುತ್ತದೆ. ಐಎಲ್ ಆ್ಯಂಡ್ ಎಫ್‌ಎಸ್ 2018ರ ಆಗಸ್ಟ್‌ವರೆಗೂ ಅತ್ಯುತ್ತಮ ರೇಟಿಂಗ್ ಹೊಂದಿತ್ತು. ಸೆಪ್ಟೆಂಬರ್‌ನಲ್ಲಿ ಅದು ಸಾಲ ಕಟ್ಟದ ಸಂಸ್ಥೆಯಾಗಿತ್ತು.

ತೂಕದ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಶೇ 35 ತೂಕದ ಸಾಲ ಮುಳುಗಿದರೆ ನಷ್ಟವೂ ಶೇ 35 ಮಾತ್ರ ಎಂದು ಕೆಲವರು ಭಾವಿಸುತ್ತಾರೆ. ಹಾಗಿಲ್ಲ. ತೂಕ ಇರುವುದು ಛೇದದಲ್ಲಿ, ನಷ್ಟ ಬೀಳುವುದು ಅಂಶದ ಮೇಲೆ, ಅದೂ ಪೂರ್ತಿಯಾಗಿ. ನಮ್ಮ ಬ್ಯಾಂಕು ಒಂದು ಕಂಪನಿಗೆ 20 ಕೋಟಿ ಕೊಟ್ಟಿತ್ತು, ಆ ಕಾರ್ಖಾನೆ ಮುಚ್ಚಿತು, ಅಡಮಾನದಿಂದಲೂ ಏನೂ ಗಿಟ್ಟಲಿಲ್ಲ, ಭರಿಸಲು ಆ ವರ್ಷ ಲಾಭವೂ ಇರಲಿಲ್ಲ ಎಂದುಕೊಳ್ಳಿ. ಒಟ್ಟು ಆಸ್ತಿಯ ಶೇ 2 ಮಾತ್ರ ಹೋದದ್ದು. ಆದರೆ ಬಂಡವಾಳ 72ರಿಂದ 52ಕ್ಕೆ ಇಳಿಯುತ್ತದೆ. ಸಾಲವೇ ಪುಸ್ತಕದಿಂದ ಹೋದದ್ದರಿಂದ ಛೇದ 640ರಿಂದ 620 ಆಗುತ್ತದೆ. ಅನುಪಾತ ಶೇ 8.4. ಒಂದೇ ಸಾಲಗಾರ ಅದನ್ನು ಸುಮಾರು ಮೂರು ಅಂಶಗಳಷ್ಟು ಕೆಳಗೆ ಎಳೆದುಬಿಟ್ಟ. ಶೇ 9ಕ್ಕಿಂತ ಕೆಳಗೆ ಬಂದ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ‘ತ್ವರಿತ ಸರಿಪಡಿಸುವ ಕ್ರಮ’ದ ಎರಡನೇ ಹಂತ ಜಾರಿಯಾಗುತ್ತದೆ. ಲಾಭಾಂಶ ಹಂಚಲು, ಹೊಸ ಶಾಖೆ ತೆರೆಯಲು ತಡೆ ಬೀಳುತ್ತದೆ.

ಈ ಲೆಕ್ಕದ ಅತಿ ದುರ್ಬಲ ಜಾಗವೂ ಇಲ್ಲೇ ಇದೆ. ಸಾಲ ಕೆಟ್ಟಿದೆ ಎಂದು ಬ್ಯಾಂಕು ಒಪ್ಪಿಕೊಂಡರೆ ತಾನೆ ಅಂಶ ಇಳಿಯುವುದು? ಒಪ್ಪಿಕೊಳ್ಳದಿದ್ದರೆ ಅನುಪಾತ ಆರೋಗ್ಯವಾಗಿಯೇ ಕಾಣುತ್ತದೆ. ಕಟ್ಟಲಾಗದ ಕಂಪನಿಗೆ ಇನ್ನೊಂದು ಸಾಲ ಕೊಟ್ಟು, ಅದರಿಂದಲೇ ಹಳೆಯ ಸಾಲದ ಕಂತು ಕಟ್ಟಿಸಿಕೊಂಡರೆ ಕಾಗದದ ಮೇಲೆ ಎಲ್ಲವೂ ಸರಿ. 2015ರಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ದೊಡ್ಡ ಬ್ಯಾಂಕುಗಳ ಸಾಲದ ಗುಣಮಟ್ಟವನ್ನು ಪರಿಶೀಲನೆಗೆ ಹಚ್ಚಿದ ಮೇಲೆ, ವರ್ಷಗಳಿಂದ ಹೀಗೆ ಮುಚ್ಚಿಟ್ಟದ್ದು ಹೊರಬಂತು. 2018ರ ಮಾರ್ಚ್ ಹೊತ್ತಿಗೆ ದೇಶದ ವಾಣಿಜ್ಯ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಶೇ 11ಕ್ಕಿಂತ ಹೆಚ್ಚು ಎನ್‌ಪಿಎ ಆಗಿತ್ತು. ಸರ್ಕಾರಿ ಬ್ಯಾಂಕುಗಳ ಕರಗಿದ ಬಂಡವಾಳ ತುಂಬಿಕೊಡಲು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲಿ 2.11 ಲಕ್ಷ ಕೋಟಿಯ ಯೋಜನೆ ಪ್ರಕಟಿಸಬೇಕಾಯಿತು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆ ನಿಂತಿದ್ದ ನಮ್ಮ ಕಾರ್ಪೊರೇಷನ್ ಬ್ಯಾಂಕೂ ತ್ವರಿತ ಸರಿಪಡಿಸುವ ಕ್ರಮಕ್ಕೆ ಒಳಗಾಗಿತ್ತು. ಸರ್ಕಾರ ಬಂಡವಾಳ ಹಾಕಿದ ಮೇಲೆ 2019ರ ಫೆಬ್ರುವರಿಯಲ್ಲಿ ಅದರಿಂದ ಹೊರಬಂತು, ಮರುವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಯೆಸ್ ಬ್ಯಾಂಕಿನದು ಇನ್ನೂ ತೀಕ್ಷ್ಣ ಉದಾಹರಣೆ. 2019ರ ಸೆಪ್ಟೆಂಬರ್ ಕೊನೆಯಲ್ಲಿ ಅದು ತೋರಿಸಿದ ಗಟ್ಟಿ ಬಂಡವಾಳದ ಅನುಪಾತ ಶೇ 8.7. ಮುಂದಿನ ತ್ರೈಮಾಸಿಕದಲ್ಲಿ ಕೆಟ್ಟ ಸಾಲಗಳಿಗೆಲ್ಲ ಹಣ ತೆಗೆದಿಟ್ಟಾಗ 18,564 ಕೋಟಿ ರೂಪಾಯಿ ನಷ್ಟವಾಗಿ ಅದು ಶೇ 0.6ಕ್ಕೆ ಬಂತು. ಮೂರೇ ತಿಂಗಳಲ್ಲಿ ಆ ಸಾಲಗಳೆಲ್ಲ ಹಠಾತ್ತಾಗಿ ಕೆಟ್ಟವೆಂದು ನಂಬುವುದು ಕಷ್ಟ. 2020ರ ಮಾರ್ಚ್‌ನಲ್ಲಿ ಠೇವಣಿ ಹಿಂಪಡೆಯಲು 50,000 ರೂಪಾಯಿಯ ಮಿತಿ ಬಿತ್ತು, ಸ್ಟೇಟ್ ಬ್ಯಾಂಕ್ ಮುಂದಾಳತ್ವದಲ್ಲಿ ಬೇರೆ ಬ್ಯಾಂಕುಗಳು ಬಂಡವಾಳ ಹಾಕಿ ಅದನ್ನು ಉಳಿಸಿದವು. ಅದಕ್ಕೂ ಮುನ್ನ, ಬಂಡವಾಳದ ಲೆಕ್ಕಕ್ಕೆ ಸೇರಿಸಿಕೊಂಡಿದ್ದ 8,415 ಕೋಟಿ ರೂಪಾಯಿಯ ಬಾಂಡುಗಳನ್ನು ಸೊನ್ನೆ ಮಾಡಲಾಯಿತು. ‘ಬಂಡವಾಳ’ ಎಂಬ ಪಟ್ಟಿಯಲ್ಲಿ ಬರುವ ಬಾಂಡು ಕೊಂಡವರು ನಷ್ಟ ಹೊರಲು ಒಪ್ಪಿಕೊಂಡವರು ಎಂಬುದು ಅನೇಕ ಹೂಡಿಕೆದಾರರಿಗೆ ಆಗಲೇ ತಿಳಿದದ್ದು.

ಹಾಗಾದರೆ ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಒಂದೇ ಅಂಕಿಯಿಂದ ಗೊತ್ತಾಗುವುದಿಲ್ಲ. ಅನುಪಾತದ ಪಕ್ಕದಲ್ಲಿ ನಿವ್ವಳ ಎನ್‌ಪಿಎಯನ್ನು ಇಟ್ಟು ನೋಡಬೇಕು. ಕೆಟ್ಟ ಸಾಲವೆಂದು ಒಪ್ಪಿಕೊಂಡೂ ಅದಕ್ಕಿನ್ನೂ ಹಣ ತೆಗೆದಿಡದ ಭಾಗ ಅದು, ಅಂದರೆ ಮುಂದೆ ಅಂಶದ ಮೇಲೆ ಬೀಳಬಹುದಾದ ಪೆಟ್ಟು. ನಮ್ಮ ಬ್ಯಾಂಕಿನಲ್ಲಿ ನಿವ್ವಳ ಎನ್‌ಪಿಎ 25 ಕೋಟಿ ಇದ್ದರೆ 60 ಕೋಟಿಯ ಗಟ್ಟಿ ಬಂಡವಾಳದಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಈಗಾಗಲೇ ಅನುಮಾನದಲ್ಲಿದೆ ಎಂದರ್ಥ. ಅನುಪಾತ ಏರಿದ್ದರೆ ಅಂಶ ಬೆಳೆದು ಏರಿತೋ, ಛೇದ ಕುಗ್ಗಿ ಏರಿತೋ ಎಂದೂ ನೋಡಬೇಕು.

ತೂಕ ಕಾಣದ ಅಪಾಯವೂ ಒಂದಿದೆ. ಸರ್ಕಾರಿ ಸಾಲಪತ್ರದ ತೂಕ ಸೊನ್ನೆ ಎಂದರೆ ಸರ್ಕಾರ ಸಾಲ ತೀರಿಸುತ್ತದೆ ಎಂಬ ಭರವಸೆ ಮಾತ್ರ. ಅದರ ಬೆಲೆ ಇಳಿಯುವುದಿಲ್ಲ ಎಂಬ ಭರವಸೆ ಅಲ್ಲ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಠೇವಣಿಯ ದೊಡ್ಡ ಪಾಲನ್ನು ಸರ್ಕಾರದ ಮತ್ತು ಸರ್ಕಾರಿ ಬೆಂಬಲದ ದೀರ್ಘಾವಧಿ ಸಾಲಪತ್ರಗಳಲ್ಲಿ ಹಾಕಿತ್ತು. ಬಂಡವಾಳದ ಅನುಪಾತ ನಿಯಮಕ್ಕಿಂತ ಮೇಲೆಯೇ ಇತ್ತು. ಬಡ್ಡಿದರ ಏರಿದಾಗ ಹಳೆಯ ಸಾಲಪತ್ರಗಳ ಬೆಲೆ ಕುಸಿಯಿತು. 2023ರ ಮಾರ್ಚ್ 8ರಂದು 21 ಶತಕೋಟಿ ಡಾಲರ್ ಮೌಲ್ಯದ ಸಾಲಪತ್ರ ಮಾರಿ 1.8 ಶತಕೋಟಿ ಡಾಲರ್ ಕಳೆದುಕೊಂಡೆವೆಂದು ಅದು ಪ್ರಕಟಿಸಿತು. ಮರುದಿನ ಗ್ರಾಹಕರು 42 ಶತಕೋಟಿ ಡಾಲರ್ ಹಿಂಪಡೆಯಲು ಮುಗಿಬಿದ್ದರು. 10ರಂದು ಬ್ಯಾಂಕು ಮುಚ್ಚಿತು. ತೂಕಗಳನ್ನು ಪೂರ್ತಿ ನಂಬಬಾರದೆಂದೇ ಈಗ ತೂಕವಿಲ್ಲದ ಇನ್ನೊಂದು ಅಳತೆಯನ್ನೂ ಜೊತೆಗಿಟ್ಟಿದ್ದಾರೆ. ಆಸ್ತಿ ಯಾವುದೇ ಇರಲಿ, ಒಟ್ಟು ಮೊತ್ತದ ಶೇ 3.5ರಷ್ಟು ಮೊದಲ ದರ್ಜೆಯ ಬಂಡವಾಳ ಭಾರತದ ಬ್ಯಾಂಕುಗಳಲ್ಲಿ ಇರಲೇಬೇಕು. ಕುಸಿದರೆ ದೇಶವೇ ಅಲುಗಾಡುವಷ್ಟು ದೊಡ್ಡ ಬ್ಯಾಂಕುಗಳಾದರೆ ಶೇ 4. ನಮ್ಮ ಕಲ್ಪನೆಯ ಬ್ಯಾಂಕಿನಲ್ಲಿ, ಆ ಕಾರ್ಖಾನೆ ಮುಚ್ಚುವ ಮೊದಲು, ಇದು 1,000ಕ್ಕೆ 60, ಅಂದರೆ ಶೇ 6.

ವಾಣಿಜ್ಯ ಬ್ಯಾಂಕುಗಳ ಈ ಅಂಕಿಗಳು ತ್ರೈಮಾಸಿಕ ಫಲಿತಾಂಶದಲ್ಲೂ, ಅವುಗಳ ಜಾಲತಾಣದ ‘ಬಾಸೆಲ್ 3’ ಪುಟಗಳಲ್ಲೂ ಸಿಗುತ್ತವೆ. ಆ ಪುಟಗಳಲ್ಲಿ ಯಾವ ಬಗೆಯ ಸಾಲ ಎಷ್ಟು ತೂಗುತ್ತಿದೆ ಎಂಬುದೂ ಇರುತ್ತದೆ. ಪಟ್ಟಣ ಸಹಕಾರ ಬ್ಯಾಂಕುಗಳಿಗೆ ನಿಯಮ ಬೇರೆ. ಅತಿ ಸಣ್ಣ ಶ್ರೇಣಿಯವಕ್ಕೆ ಶೇ 9 ಸಾಕು. ಉಳಿದವು ಹಂತಹಂತವಾಗಿ 2026ರ ಮಾರ್ಚ್ ಹೊತ್ತಿಗೆ ಶೇ 12 ಮುಟ್ಟಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅವುಗಳ ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಭಾಷಣ, ಸನ್ಮಾನದ ಫೋಟೊಗಳೆಲ್ಲ ಮುಗಿದ ಮೇಲೆ ಲೆಕ್ಕಪತ್ರಗಳ ಟಿಪ್ಪಣಿಗಳೆಂಬ ಭಾಗ ಬರುತ್ತದೆ. ಅಲ್ಲಿ ಸಿಆರ್‌ಎಆರ್ ಮತ್ತು ನಿವ್ವಳ ಎನ್‌ಪಿಎ ಎರಡೂ ಇರುತ್ತವೆ, ಹಿಂದಿನ ವರ್ಷದ ಅಂಕಿಯೊಂದಿಗೆ. ಸರ್ವ ಸದಸ್ಯರ ಸಭೆಯಲ್ಲಿ ಲಾಭಾಂಶ ಎಷ್ಟು ಎಂದು ಕೇಳುವ ಸದಸ್ಯರು ಮೊದಲು ಆ ಎರಡು ಸಾಲುಗಳ ಬಗ್ಗೆ ಕೇಳಲಿ, ಕೆಟ್ಟ ಸಾಲಗಳಿಗೆ ಪೂರ್ತಿ ಹಣ ತೆಗೆದಿಟ್ಟ ಮೇಲೂ ಅನುಪಾತ ಅಷ್ಟೇ ಇರುತ್ತದೆಯೇ ಎಂದು ಕೇಳಲಿ.